ಆ ಒಂದು ಎಲ್ಲಿಂದ ಬಂತು?

ಆಪ್-ಆಂಪ್‌ನ ಗೇನ್ ಕಂಡುಹಿಡಿಯುವ ಲೆಕ್ಕಕ್ಕೆ ವಿದ್ಯಾರ್ಥಿಗಳು ಕೈಯಲ್ಲಿ ಬರೆಯುವ ಉತ್ತರ ಸಾಮಾನ್ಯವಾಗಿ ಅರ್ಧ ಪುಟ ದಾಟುವುದಿಲ್ಲ. ಮೊದಲು ತ್ರಿಕೋನದ ಚಿತ್ರ, ಕೆಳಗೆ ಸೂತ್ರ, ಸೂತ್ರದಲ್ಲಿ ಬೆಲೆಗಳನ್ನು ಹಾಕಿದ ಒಂದು ಸಾಲು, ಕೊನೆಗೆ ಚೌಕದೊಳಗೆ ಉತ್ತರ. ತಿದ್ದಲು ಕೂತವರ ಕಣ್ಣು ನೇರ ಆ ಚೌಕಕ್ಕೆ ಹೋಗುತ್ತದೆ. ಉತ್ತರ ಹೊಂದಿದರೆ ಒಂದು ರೈಟ್ ಗುರುತು, ಹೊಂದದಿದ್ದರೆ ಎಲ್ಲಿ ತಪ್ಪಿತು ಎಂದು ಮೇಲಕ್ಕೆ ಓದುವುದು. ಅಂದರೆ ತಪ್ಪು ಉತ್ತರ ಬರೆದವರ ಲೆಕ್ಕವನ್ನು ಮಾತ್ರ ನಾವು ಪೂರ್ತಿ ಓದುತ್ತೇವೆ. ಸರಿ ಉತ್ತರ ಬರೆದವರದ್ದನ್ನು ಓದುವುದೇ ಇಲ್ಲ.

ನಾನು ಪಿಎಚ್.ಡಿ. ಮಾಡುತ್ತಿರುವ ವಿಭಾಗದಲ್ಲಿ ಸಂಶೋಧನಾ ವಿದ್ಯಾರ್ಥಿಗಳು ಲ್ಯಾಬ್ ನೋಡಿಕೊಳ್ಳಬೇಕು, ಇಂಟರ್ನಲ್ಸ್ ಪತ್ರಿಕೆಗಳನ್ನು ತಿದ್ದಬೇಕು. ಮೂರು ವರ್ಷದಿಂದ ಅನಲಾಗ್ ಎಲೆಕ್ಟ್ರಾನಿಕ್ಸ್ ನನ್ನ ಪಾಲಿಗೆ ಬರುತ್ತಿದೆ. ಕಳೆದ ಸೆಮಿಸ್ಟರಿನ ಎರಡನೇ ಇಂಟರ್ನಲ್ಸ್‌ನಲ್ಲಿ ಅರವತ್ತನಾಲ್ಕು ಬ್ಲೂ ಬುಕ್ ನನ್ನ ಮೇಜಿಗೆ ಬಂದವು. ಅದರ ಮೂರನೇ ಪ್ರಶ್ನೆಯ ಬಗ್ಗೆ ಇಲ್ಲಿ ಹೇಳಬೇಕು.

ಪ್ರಶ್ನೆ ಸರಳ. ಪ್ಲಸ್ 12, ಮೈನಸ್ 12 ವೋಲ್ಟ್ ಸಪ್ಲೈ ಕೊಟ್ಟ ಒಂದು ಆಪ್-ಆಂಪ್. ಔಟ್‌ಪುಟ್‌ನಿಂದ ಮೈನಸ್ ಪಿನ್ನಿಗೆ ಹಿಂದಿರುಗುವ ರೆಸಿಸ್ಟರ್ R1, 22 ಕಿಲೋಓಮ್. ಮೈನಸ್ ಪಿನ್ನಿಗೆ ಸೇರಿದ ಇನ್ನೊಂದು ರೆಸಿಸ್ಟರ್ R2, 2.2 ಕಿಲೋಓಮ್. ಮೊದಲ ಭಾಗದಲ್ಲಿ ಇದು ಇನ್‌ವರ್ಟಿಂಗ್ ಸರ್ಕ್ಯೂಟ್: 0.5 ವೋಲ್ಟ್ ಇನ್‌ಪುಟ್ R2 ಮೂಲಕ ಬರುತ್ತದೆ, ಪ್ಲಸ್ ಪಿನ್ ಗ್ರೌಂಡಿಗೆ ಸೇರಿದೆ. ಎರಡನೇ ಭಾಗದಲ್ಲಿ ಅದೇ ರೆಸಿಸ್ಟರ್‌ಗಳ ನಾನ್-ಇನ್‌ವರ್ಟಿಂಗ್ ಸರ್ಕ್ಯೂಟ್: ಈಗ R2ನ ಆಚೆ ತುದಿ ಗ್ರೌಂಡಿಗೆ, 0.5 ವೋಲ್ಟ್ ನೇರ ಪ್ಲಸ್ ಪಿನ್ನಿಗೆ. ಎರಡರಲ್ಲೂ ಗೇನ್ ಮತ್ತು ಔಟ್‌ಪುಟ್ ಕಂಡುಹಿಡಿಯಬೇಕು, ತಲಾ ನಾಲ್ಕು ಅಂಕ. ಮೂರನೇ ಭಾಗದಲ್ಲಿ ನಾನ್-ಇನ್‌ವರ್ಟಿಂಗ್ ಸರ್ಕ್ಯೂಟಿಗೇ 1.5 ವೋಲ್ಟ್ ಕೊಟ್ಟರೆ ಏನಾಗುತ್ತದೆ ಎಂದು ಕೇಳಿತ್ತು, ಎರಡು ಅಂಕ.

ಎಲೆಕ್ಟ್ರಾನಿಕ್ಸ್ ಓದದವರಿಗಾಗಿ ಎರಡು ಮಾತು. ಆಪ್-ಆಂಪ್ ತನ್ನ ಪ್ಲಸ್ ಮತ್ತು ಮೈನಸ್ ಪಿನ್‌ಗಳ ನಡುವಿನ ವ್ಯತ್ಯಾಸವನ್ನು ಹಿಗ್ಗಿಸುವ ಚಿಪ್. 1968ರಲ್ಲಿ ಬಂದು ಇಂದಿಗೂ ನಮ್ಮ ಲ್ಯಾಬ್‌ಗಳಲ್ಲಿರುವ 741 ಆ ವ್ಯತ್ಯಾಸವನ್ನು ಸುಮಾರು ಎರಡು ಲಕ್ಷ ಪಟ್ಟು ಹಿಗ್ಗಿಸುತ್ತದೆ. ಇಷ್ಟು ದೊಡ್ಡ ಗೇನ್ ಹಾಗೇ ಬಿಟ್ಟರೆ ಯಾವ ಕೆಲಸಕ್ಕೂ ಬಾರದು. ಅದಕ್ಕೆ ಔಟ್‌ಪುಟ್ಟಿನ ಒಂದು ಪಾಲನ್ನು ಮೈನಸ್ ಪಿನ್ನಿಗೆ ಹಿಂದಕ್ಕೆ ಕೊಡುತ್ತೇವೆ. ಆಗ ಚಿಪ್ಪು ತಕ್ಕಡಿ ಹಿಡಿದ ಅಂಗಡಿಯವನಂತೆ ವರ್ತಿಸುತ್ತದೆ. ಪ್ಲಸ್ ಪಿನ್ನಿನಲ್ಲಿ ಎಷ್ಟಿದೆಯೋ ಅಷ್ಟು ಮೈನಸ್ ಪಿನ್ನಿಗೂ ಬರುವವರೆಗೆ ತನ್ನ ಔಟ್‌ಪುಟ್ಟನ್ನು ಏರಿಸುತ್ತದೆ ಅಥವಾ ಇಳಿಸುತ್ತದೆ. ಎರಡೂ ಪಿನ್ ಸಮವಾದಾಗ ನಿಲ್ಲುತ್ತದೆ. ಈ ಸಮಸ್ಥಿತಿಗೆ ಪುಸ್ತಕಗಳಲ್ಲಿ ವರ್ಚುವಲ್ ಶಾರ್ಟ್ ಎಂಬ ಹೆಸರಿದೆ. ಇದರ ಜೊತೆಗೆ ಇನ್ನೊಂದೇ ಸಂಗತಿ ನೆನಪಿರಬೇಕು: ಪಿನ್‌ಗಳ ಒಳಗೆ ಕರೆಂಟು ಹೆಚ್ಚುಕಡಿಮೆ ಹರಿಯುವುದೇ ಇಲ್ಲ.

ಈ ಎರಡು ಮಾತಿನಿಂದಲೇ ಲೆಕ್ಕ ಮುಗಿಯುತ್ತದೆ, ಸೂತ್ರ ಬೇಕಿಲ್ಲ. ಇನ್‌ವರ್ಟಿಂಗ್ ಸರ್ಕ್ಯೂಟ್ ತೆಗೆದುಕೊಳ್ಳಿ. ಪ್ಲಸ್ ಪಿನ್ ಗ್ರೌಂಡಿನಲ್ಲಿದೆ, ಆದ್ದರಿಂದ ಮೈನಸ್ ಪಿನ್ನೂ ಸೊನ್ನೆ ವೋಲ್ಟಿನಲ್ಲಿರುತ್ತದೆ. R2ನ ಒಂದು ತುದಿಯಲ್ಲಿ 0.5 ವೋಲ್ಟ್, ಇನ್ನೊಂದರಲ್ಲಿ ಸೊನ್ನೆ. ಹಾಗಾಗಿ ಅದರಲ್ಲಿ 0.227 ಮಿಲಿಆಂಪ್ ಹರಿಯುತ್ತದೆ. ಆ ಕರೆಂಟಿಗೆ ಚಿಪ್ಪಿನೊಳಗೆ ದಾರಿಯಿಲ್ಲ, ಅದು ಪೂರ್ತಿ R1 ಮೂಲಕವೇ ಹೋಗಬೇಕು. R1 ಹತ್ತು ಪಟ್ಟು ದೊಡ್ಡದು, ಅದರಲ್ಲಿ 5 ವೋಲ್ಟ್ ಇಳಿಯುತ್ತದೆ. ಸೊನ್ನೆಯಿಂದ 5 ಇಳಿದರೆ ಔಟ್‌ಪುಟ್ ಮೈನಸ್ 5 ವೋಲ್ಟ್, ಗೇನ್ ಮೈನಸ್ 10.

ನಾನ್-ಇನ್‌ವರ್ಟಿಂಗ್‌ನಲ್ಲಿ ಪ್ಲಸ್ ಪಿನ್ನಿನಲ್ಲಿ 0.5 ವೋಲ್ಟ್ ಇದೆ. ಮೈನಸ್ ಪಿನ್ನೂ 0.5ಕ್ಕೆ ಬರುತ್ತದೆ. R2ನ ಮೇಲಿನ ತುದಿ 0.5, ಕೆಳಗಿನದು ಗ್ರೌಂಡ್. ಮತ್ತೆ ಅದೇ 0.227 ಮಿಲಿಆಂಪ್. ಆ ಕರೆಂಟು ಔಟ್‌ಪುಟ್‌ನಿಂದ R1 ಮೂಲಕ ಇಳಿದು ಬರುತ್ತಿದೆ, ಆದ್ದರಿಂದ R1ನ ಎರಡು ತುದಿಗಳ ನಡುವೆ ಮತ್ತೆ ಅದೇ 5 ವೋಲ್ಟ್. ಆದರೆ ಈ ಸಲ R1ನ ಬುಡ ಸೊನ್ನೆಯಲ್ಲಿಲ್ಲ, 0.5ರ ಮೇಲೆ ನಿಂತಿದೆ. 0.5ಕ್ಕೆ 5 ಸೇರಿ ಔಟ್‌ಪುಟ್ 5.5 ವೋಲ್ಟ್, ಗೇನ್ 11.

ಇದರ ಸೂತ್ರ ಹೀಗಿದೆ:

Vo = Vin × (1 + R1/R2)

ಸೂತ್ರದಲ್ಲಿ ಹತ್ತರ ಜೊತೆಗೆ ಸೇರಿದ ಆ ಒಂದು ಎಲ್ಲಿಂದ ಬಂತು ಎಂದು ಲ್ಯಾಬ್‌ನಲ್ಲಿ ಕೇಳಿದರೆ ಬಹಳ ಮಂದಿ ಸುಮ್ಮನಾಗುತ್ತಾರೆ. ಅದು ಇನ್‌ಪುಟ್ ವೋಲ್ಟೇಜೇ. ಏಣಿಯ ಉದ್ದ ಎರಡು ಸರ್ಕ್ಯೂಟಿನಲ್ಲೂ 5 ವೋಲ್ಟ್. ಒಂದರಲ್ಲಿ ಏಣಿಯನ್ನು ನೆಲದಿಂದ ಕೆಳಕ್ಕೆ, ಬಾವಿಯೊಳಗೆ ಇಳಿಬಿಟ್ಟಿದ್ದೇವೆ. ಇನ್ನೊಂದರಲ್ಲಿ ಅರ್ಧ ವೋಲ್ಟಿನ ಜಗಲಿಯ ಮೇಲೆ ನಿಲ್ಲಿಸಿದ್ದೇವೆ. ಮೈನಸ್ ಗುರುತು ಆ ಬಾವಿಯದು, ಒಂದು ಈ ಜಗಲಿಯದು.

ಈಗ ಬ್ಲೂ ಬುಕ್‌ಗಳಿಗೆ ಬರೋಣ. ಅತಿ ಹೆಚ್ಚು ಕಂಡ ತಪ್ಪು ಉತ್ತರ 1.1. ಸರಿ ಉತ್ತರ 11, ಇವರದ್ದು 1.1, ಅಂಕೆಗಳು ಅವೇ, ನಡುವೆ ಒಂದು ಚುಕ್ಕಿ. ಇನ್‌ವರ್ಟಿಂಗ್‌ನಲ್ಲೂ ಹತ್ತರ ಬದಲು 0.1. ಬೇಗ ಬೇಗ ತಿದ್ದುವಾಗ ಇದು ದಶಾಂಶದ ಚುಕ್ಕಿ ತಪ್ಪಿದ್ದು, ಕೈಜಾರಿದ್ದು ಎಂದು ಅರ್ಧ ಅಂಕ ಕಳೆದು ಮುಂದೆ ಹೋಗಬಹುದು. ಆದರೆ ಅದು ಚುಕ್ಕಿಯ ತಪ್ಪಲ್ಲ. ಮೇಲಿನ ಸಾಲಿನಲ್ಲಿ ಸೂತ್ರ ತಲೆಕೆಳಗಾಗಿದೆ: R1/R2 ಇರಬೇಕಾದಲ್ಲಿ R2/R1. ಸೆಡ್ರಾ-ಸ್ಮಿತ್ ಪುಸ್ತಕದಲ್ಲಿ ಫೀಡ್‌ಬ್ಯಾಕ್ ರೆಸಿಸ್ಟರಿನ ಹೆಸರು R2, ಗಾಯಕ್ವಾಡ್ ಪುಸ್ತಕದಲ್ಲಿ RF. ಪ್ರಶ್ನೆಪತ್ರಿಕೆಯಲ್ಲಿ ಅದು R1. ಅಕ್ಷರಗಳನ್ನು ಬಾಯಿಪಾಠ ಮಾಡಿದವರು ಅಕ್ಷರಗಳನ್ನೇ ಬರೆದರು. ಯಾವ ರೆಸಿಸ್ಟರ್ ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ತಾವೇ ಬಿಡಿಸಿದ ಚಿತ್ರವನ್ನೂ ನೋಡಲಿಲ್ಲ.

ಎರಡನ್ನೂ ಬೇರ್ಪಡಿಸಲು ಒಂದು ಸುಲಭ ಉಪಾಯವಿದೆ. ಮುಂದಿನ ಸಾಲು, ಅಂದರೆ ಔಟ್‌ಪುಟ್ ವೋಲ್ಟೇಜಿನ ಸಾಲು ನೋಡಬೇಕು. ಕೈಜಾರಿ ಚುಕ್ಕಿ ಬಿದ್ದಿದ್ದರೆ ಅಲ್ಲಿ 5.5 ಇರುತ್ತದೆ, ಏಕೆಂದರೆ ಕ್ಯಾಲ್ಕುಲೇಟರಿನಲ್ಲಿ ಇದ್ದದ್ದು 11. ಸೂತ್ರ ತಿರುವುಮುರುವಾಗಿದ್ದರೆ ಅಲ್ಲಿ 0.55 ಇರುತ್ತದೆ. ನಾನು ನೋಡಿದ ಪುಸ್ತಕಗಳಲ್ಲಿ ಒಂದನ್ನು ಬಿಟ್ಟು ಎಲ್ಲದರಲ್ಲೂ 0.55 ಇತ್ತು.

ಇನ್ನೊಂದು ಬಗೆಯ ತಪ್ಪು ನಗು ತರಿಸುತ್ತದೆ. ಮೇಲಿನ 22ರ ಪಕ್ಕ ಕಿಲೋ ಬರೆದು ಕೆಳಗಿನ 2.2ರ ಪಕ್ಕ ಮರೆತವರಿಗೆ ಗೇನ್ ಹತ್ತು ಸಾವಿರ ಬರುತ್ತದೆ, ಔಟ್‌ಪುಟ್ 5000 ವೋಲ್ಟ್. ನಮ್ಮ ಬೀದಿಯಲ್ಲಿ ಹಾದುಹೋಗುವ 11 ಕೆವಿ ಲೈನಿನ ಅರ್ಧಕ್ಕೆ ಹತ್ತಿರ, ಅದೂ 12 ವೋಲ್ಟಿನ ಸಪ್ಲೈ ಇರುವ ಬೆರಳುಗುರಿನಷ್ಟು ಚಿಪ್ಪಿನಿಂದ! ಅದನ್ನು ಬರೆದ ಹುಡುಗ ಸ್ಕೇಲ್ ಇಟ್ಟು ನೀಟಾಗಿ ಚೌಕ ಹಾಕಿದ್ದ.

ಮೈನಸ್ ಗುರುತು ಬಿಟ್ಟವರ ವಿಷಯದಲ್ಲಿ ಸ್ವಲ್ಪ ತಾಳ್ಮೆ ಬೇಕು. ಗೇನ್ 10 ಎಂದು ಬರೆದು, ಪಕ್ಕದಲ್ಲಿ ಬಿಡಿಸಿದ ಅಲೆಯ ಚಿತ್ರದಲ್ಲಿ ಇನ್‌ಪುಟ್ ಏರುವಾಗ ಔಟ್‌ಪುಟ್ ಇಳಿಯುವಂತೆ ತೋರಿಸಿದ್ದರೆ ಆ ವಿದ್ಯಾರ್ಥಿಗೆ ವಿಷಯ ಗೊತ್ತಿದೆ, ಗುರುತು ಮಾತ್ರ ಮರೆತಿದೆ. ಚಿತ್ರದಲ್ಲೂ ಎರಡೂ ಅಲೆ ಒಟ್ಟಿಗೆ ಏರಿದ್ದರೆ ಅದು ಬೇರೆ ಕಥೆ.

ಇವೆಲ್ಲ ವರ್ಷವೂ ಬರುವ ತಪ್ಪುಗಳು. ಈ ಸಲ ನನ್ನ ಪೆನ್ನು ನಿಲ್ಲಿಸಿದ್ದು ಬೇರೆ ಎರಡು ಪುಸ್ತಕಗಳು.

ಮೊದಲನೆಯದರಲ್ಲಿ ನಾನ್-ಇನ್‌ವರ್ಟಿಂಗ್ ಗೇನ್ 11, ಔಟ್‌ಪುಟ್ 5.5 ವೋಲ್ಟ್. ಎರಡೂ ಸರಿ. ಅಕ್ಷರ ಮುತ್ತಿನಂತಿತ್ತು. ಆದರೆ ಮೇಲೆ ಆತ ಬರೆದಿದ್ದು: ವರ್ಚುವಲ್ ಗ್ರೌಂಡ್ ಇರುವುದರಿಂದ ಮೈನಸ್ ಪಿನ್ ಸೊನ್ನೆ ವೋಲ್ಟ್, ಆದ್ದರಿಂದ R2ನಲ್ಲಿ ಹರಿಯುವ ಕರೆಂಟು 0.5 ಭಾಗಿಸು 2.2ಕೆ. ಇದು ಇನ್‌ವರ್ಟಿಂಗ್ ಸರ್ಕ್ಯೂಟಿನ ಮಾತು. ಇಲ್ಲಿ R2ನ ಇನ್ನೊಂದು ತುದಿ ಗ್ರೌಂಡಿನಲ್ಲಿದೆ. ಮೈನಸ್ ಪಿನ್ನೂ ಸೊನ್ನೆಯಾದರೆ ಆ ರೆಸಿಸ್ಟರಿನ ಎರಡೂ ತುದಿ ಸೊನ್ನೆ. ಕರೆಂಟೇ ಇಲ್ಲ, ಔಟ್‌ಪುಟ್ಟೂ ಸೊನ್ನೆ. ಅವನ ಮೊದಲ ಸಾಲನ್ನು ನಂಬಿದರೆ ಕೊನೆಯ ಸಾಲು ಬರಲು ಸಾಧ್ಯವೇ ಇಲ್ಲ. ನಡುವೆ ಎಲ್ಲೋ ಬಾಯಿಪಾಠದ ಸೂತ್ರ ಬಂದು ಕೂತಿದೆ.

ಎರಡನೆಯದರಲ್ಲಿ ಸೂತ್ರವೇ ಇರಲಿಲ್ಲ. ಚಿತ್ರದಲ್ಲಿ ಮೈನಸ್ ಪಿನ್ನಿನ ಪಕ್ಕ ಸಣ್ಣದಾಗಿ 0.5 ಎಂದು ಬರೆದಿತ್ತು. ಬಾಣದ ಗುರುತು ಹಾಕಿ ಕರೆಂಟು 0.22 ಮಿಲಿಆಂಪ್. ಆಮೇಲೆ 0.22 ಗುಣಿಸು 22, 4.84 ವೋಲ್ಟ್. ಅದಕ್ಕೆ 0.5 ಕೂಡಿ 5.34. ಅದನ್ನು 0.5ರಿಂದ ಭಾಗಿಸಿ, ಗೇನ್ 10.68. ಚೌಕದೊಳಗೆ ಇದ್ದದ್ದು ತಪ್ಪು ಉತ್ತರ. ತಪ್ಪಿಗೆ ಕಾರಣ ಒಂದೇ: 0.227 ಎಂದು ಬರೆಯುವ ಬದಲು 0.22ಕ್ಕೆ ಕತ್ತರಿಸಿದ್ದು. ಇನ್‌ವರ್ಟಿಂಗ್ ಭಾಗದಲ್ಲೂ ಇದೇ ದಾರಿ, ಇದೇ ಕತ್ತರಿ, ಉತ್ತರ ಮೈನಸ್ 9.68.

ನನಗೆ ಕೊಟ್ಟಿದ್ದ ಸ್ಕೀಮಿನಲ್ಲಿ ಸೂತ್ರಕ್ಕೆ ಒಂದು, ಬೆಲೆ ಹಾಕಿದ್ದಕ್ಕೆ ಒಂದು, ಉತ್ತರಕ್ಕೆ ಎರಡು ಅಂಕ ಎಂದಿತ್ತು. ಅದರಂತೆ ಮೊದಲ ಪುಸ್ತಕಕ್ಕೆ ನಾಲ್ಕಕ್ಕೆ ನಾಲ್ಕು. ಎರಡನೆಯದಕ್ಕೆ ಉದಾರವಾಗಿ ಕೊಟ್ಟರೂ ಒಂದು. ಹಿಂದಿನ ಪುಟ ತಿರುಗಿಸಿ ಒಟ್ಟು ಕೂಡಿದಾಗ ಎರಡನೇ ಪುಸ್ತಕದವಳಿಗೆ ಕನಿಷ್ಠ ಅಂಕಕ್ಕೆ ಎರಡು ಕಡಿಮೆಯಾಗುತ್ತಿತ್ತು. ಕನಿಷ್ಠ ಬಾರದಿದ್ದರೆ ಆ ವಿಷಯದ ಸೆಮಿಸ್ಟರ್ ಪರೀಕ್ಷೆಗೆ ಕೂರುವಂತಿಲ್ಲ.

ಎರಡೂ ಪುಸ್ತಕ ಹಿಡಿದು ಪಾಠ ಮಾಡುವ ಮೇಡಂ ಹತ್ತಿರ ಹೋದೆ. ಅವರು ಮೊದಲು ಎರಡನೆಯದನ್ನು ನೋಡಿದರು.

“ಆನ್ಸರ್ ತಪ್ಪಲ್ವೇನಮ್ಮ?”

“ತಪ್ಪು ಮೇಡಂ. ಆದ್ರೆ ಲ್ಯಾಬ್‌ನಲ್ಲಿ ಇದೇ ರೆಸಿಸ್ಟರ್ ಹಾಕಿ ಅಳೆದ್ರೆ ಹತ್ತೂವರೆ ಬಂದ್ರೂ ನಾವು ರೀಡಿಂಗ್ ಸರಿ ಅಂತ ಸೈನ್ ಮಾಡ್ತೀವಿ.”

ಅದು ನಿಜವಾದ ಮಾತು. ನಮ್ಮ ಲ್ಯಾಬ್‌ನ ರೆಸಿಸ್ಟರ್‌ಗಳ ಮೇಲೆ ಚಿನ್ನದ ಬಣ್ಣದ ಪಟ್ಟಿಯಿರುತ್ತದೆ, ಅಂದರೆ ಬರೆದ ಬೆಲೆಗಿಂತ ಶೇಕಡ 5 ಹೆಚ್ಚುಕಡಿಮೆ ಇರಬಹುದು. R1 ಅಷ್ಟು ಹೆಚ್ಚು, R2 ಅಷ್ಟು ಕಡಿಮೆ ಇದ್ದರೆ ಗೇನ್ 12.05ರವರೆಗೆ ಹೋಗುತ್ತದೆ. ತದ್ವಿರುದ್ಧವಾದರೆ 10.05ಕ್ಕೆ ಇಳಿಯುತ್ತದೆ. 10.68 ಈ ಎರಡರ ನಡುವೆ ಹಾಯಾಗಿ ಕೂರುತ್ತದೆ. 1.1 ಎಂದೂ ಕೂರುವುದಿಲ್ಲ.

ಮೇಡಂ ಒಪ್ಪಿದರು, ಪೂರ್ತಿ ಅಲ್ಲ. “ಪ್ರಶ್ನೇಲಿ ಟಾಲರೆನ್ಸ್ ಕೊಟ್ಟಿಲ್ಲ. ಕಾಗದದ ಮೇಲೆ 22 ಅಂದ್ರೆ 22ನೇ. ನಡುವಿನ ಸ್ಟೆಪ್ಪಲ್ಲಿ ಅಂಕೆ ಕತ್ತರಿಸಬಾರದು, ಅದನ್ನ ಅವಳು ಕಲೀಬೇಕು. ಅರ್ಧ ಕಳಿ” ಅಂದರು. ಒಂದು ಭಾಗಕ್ಕೆ ಅರ್ಧ ಮಾತ್ರ, ಕರೆಂಟಿಗೆ ಒಮ್ಮೆ, ಔಟ್‌ಪುಟ್ಟಿಗೆ ಒಮ್ಮೆ, ಗೇನಿಗೆ ಒಮ್ಮೆ ಅಂತ ಒಂದೇ ತಪ್ಪಿಗೆ ಮೂರು ಸಲ ದಂಡ ಹಾಕಬಾರದು ಎಂದೂ ತೀರ್ಮಾನವಾಯಿತು.

ಮೊದಲ ಪುಸ್ತಕ ನೋಡಿ ಅವರು ಹೆಚ್ಚು ಹೊತ್ತು ಸುಮ್ಮನಿದ್ದರು. ಅದು ಕಷ್ಟದ್ದು. ಬರೀ ಸೂತ್ರ, ಬೆಲೆ, ಉತ್ತರ ಬರೆದವರು ಎಷ್ಟೋ ಮಂದಿ ಇದ್ದರು. ಪ್ರಶ್ನೆ ವಿವರಣೆ ಕೇಳಿರಲಿಲ್ಲ, ಅವರಿಗೆ ನಾಲ್ಕೂ ಕೊಡಲೇಬೇಕು. ಅವರಲ್ಲಿ ಎಷ್ಟು ಮಂದಿಯ ತಲೆಯೊಳಗೆ ಇದೇ ಸೊನ್ನೆ ವೋಲ್ಟ್ ಕೂತಿದೆಯೋ ಕಾಗದ ಹೇಳುವುದಿಲ್ಲ. ಇವನು ತನ್ನ ಯೋಚನೆಯನ್ನು ಬರೆದಿದ್ದಕ್ಕೆ ಸಿಕ್ಕಿಬಿದ್ದ. ಹಾಗೆಂದು ಕಣ್ಣೆದುರಿಗಿರುವ ತಪ್ಪು ವಾಕ್ಯಕ್ಕೆ ರೈಟ್ ಹಾಕಲೂ ಆಗದು. ಕೊನೆಗೆ ತಪ್ಪು ವಾಕ್ಯಕ್ಕೆ ಒಂದು ಅಂಕ ಕಳೆಯುವುದು, ಅರವತ್ತನಾಲ್ಕು ಪುಸ್ತಕಕ್ಕೂ ಇದೇ ಅಳತೆ ಎಂದಾಯಿತು. ಎಲ್ಲವನ್ನೂ ಮತ್ತೆ ಮೊದಲಿಂದ ತೆರೆದೆ. ಅವನಿಗೆ ಮೂರು ಬಂತು, ಅವಳಿಗೆ ಮೂರೂವರೆ. ಇನ್‌ವರ್ಟಿಂಗ್ ಭಾಗದಲ್ಲೂ ಅವಳಿಗೆ ಮೂರೂವರೆ ಆಗಿ, ಕನಿಷ್ಠದ ಗೆರೆ ದಾಟಿದಳು. ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಸೇರಿದವಳು ಎಂದು ಆಮೇಲೆ ತಿಳಿಯಿತು. ಮೀಟರಿನ ಕಡ್ಡಿ ಹಿಡಿದು ಒಂದೊಂದೇ ಪಿನ್ ಅಳೆದು ಅಭ್ಯಾಸವಿದ್ದವರು ಲೆಕ್ಕವನ್ನೂ ಹಾಗೇ ಬರೆಯುತ್ತಾರೆ.

ಪುಸ್ತಕ ಹಿಂದಿರುಗಿಸಿದ ದಿನ ಆ ಹುಡುಗ ಬಂದ.

“ಮ್ಯಾಮ್, ಆನ್ಸರ್ ಕರೆಕ್ಟಾಗಿದೆ. ಒಂದ್ ಮಾರ್ಕ್ ಯಾಕೆ ಹೋಯ್ತು?”

ಮೊದಲ ಸಾಲಿನ ಕೆಳಗೆ ನಾನು ಗೆರೆ ಎಳೆದಿದ್ದೆ. “ಇಲ್ಲಿ ಸೊನ್ನೆ ಅಂದಿದ್ದೀಯಲ್ಲ, R2ನ ಆ ಕಡೆ ಎಷ್ಟಿದೆ ನೋಡು.”

ಅವನು ಚಿತ್ರ ನೋಡಿದ. ಬೆರಳಿಟ್ಟು ತಂತಿ ಹಿಡಿದು ಹೋದ. “ಗ್ರೌಂಡ್... ಸೊನ್ನೆ.” ಸ್ವಲ್ಪ ಹೊತ್ತು ಬಿಟ್ಟು, “ಹಾಗಾದ್ರೆ ಕರೆಂಟೇ ಬರಲ್ಲ.”

“ಹ್ಞೂಂ.”

“ಆದ್ರೆ ಮ್ಯಾಮ್, ಬರೀ ಫಾರ್ಮುಲಾ ಬರೆದ ನನ್ನ ಫ್ರೆಂಡ್‌ಗೆ ನಾಲ್ಕು ಬಂದಿದೆ. ನಾನು ಎಕ್ಸ್‌ಪ್ಲೇನ್ ಮಾಡಿದ್ದಕ್ಕೆ ಮೂರು.”

ಅವನ ಮಾತಿನಲ್ಲಿ ನ್ಯಾಯವಿತ್ತು. “ಅದು ಪ್ರಶ್ನೆ ಕೇಳಿದ ರೀತಿಯಿಂದ ಆಗಿದ್ದು, ಮುಂದಿನ ಸಲ ಹೀಗೆ ಕೇಳಲ್ಲ” ಎಂದೆ. ಅವನು ತೃಪ್ತನಾಗಿ ಹೋದ ಎಂದು ಹೇಳಲಾರೆ. ವರ್ಚುವಲ್ ಗ್ರೌಂಡ್ ಅನ್ನೋದು ಯಾವಾಗಲೂ ಇರೋದಿಲ್ಲವಾ ಎಂದು ಬಾಗಿಲಲ್ಲಿ ನಿಂತು ಮತ್ತೊಮ್ಮೆ ಕೇಳಿದ. ಪ್ಲಸ್ ಪಿನ್ ಗ್ರೌಂಡಿನಲ್ಲಿದ್ದರೆ ಮಾತ್ರ, ಬೇರೆಡೆ ಮೈನಸ್ ಪಿನ್ ಪ್ಲಸ್ ಪಿನ್ನನ್ನು ಹಿಂಬಾಲಿಸುತ್ತದೆ ಎಂದು ಹೇಳಿದೆ.

ಹಿಂಬಾಲಿಸುವುದಕ್ಕೂ ಒಂದು ಮಿತಿಯಿದೆ. ಆ ಮಿತಿಯನ್ನು ಮುಟ್ಟುವುದು ಪ್ರಶ್ನೆಯ ಮೂರನೇ ಭಾಗ. 1.5 ವೋಲ್ಟನ್ನು 11ರಿಂದ ಗುಣಿಸಿದರೆ 16.5. ಸಪ್ಲೈ ಇರುವುದೇ 12. 741ರಂಥ ಚಿಪ್ಪು ಸಪ್ಲೈವರೆಗೂ ಹೋಗಲಾರದು, ಒಂದೆರಡು ವೋಲ್ಟ್ ಕೆಳಗೇ ನಿಲ್ಲುತ್ತದೆ. 11ರಲ್ಲಿ ನಿಂತಿತು ಎಂದುಕೊಳ್ಳೋಣ. 16.5 ಎಂದು ಬರೆದವರೂ ಇದ್ದರು, 12 ಎಂದು ಬರೆದವರೂ ಇದ್ದರು, ಸ್ಯಾಚುರೇಟ್ ಆಗುತ್ತದೆ, ಸುಮಾರು 11 ಎಂದು ಬರೆದವರೂ ಇದ್ದರು. ಆದರೆ ಆಗ ಮೈನಸ್ ಪಿನ್ನಿನಲ್ಲಿ ಎಷ್ಟಿರುತ್ತದೆ ಎಂದು ಯಾರೂ ಬರೆದಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ. 11 ವೋಲ್ಟನ್ನು ಎರಡು ರೆಸಿಸ್ಟರ್ ಹಂಚಿಕೊಂಡಾಗ R2ನ ಪಾಲಿಗೆ ಹನ್ನೊಂದರಲ್ಲಿ ಒಂದು ಭಾಗ, ಅಂದರೆ 1 ವೋಲ್ಟ್ ಬರುತ್ತದೆ. ಪ್ಲಸ್ ಪಿನ್ನಿನಲ್ಲಿ 1.5, ಮೈನಸ್ ಪಿನ್ನಿನಲ್ಲಿ 1. ಅಂಗಡಿಯವನ ಹತ್ತಿರ ಇನ್ನು ತೂಕದ ಕಲ್ಲುಗಳಿಲ್ಲ. ತಕ್ಕಡಿ ವಾಲಿಯೇ ನಿಲ್ಲುತ್ತದೆ.

ಮೂರನೇ ಇಂಟರ್ನಲ್ಸ್‌ನ ಪ್ರಶ್ನೆಯನ್ನು ಮೇಡಂ ಬೇರೆ ರೀತಿ ಬರೆದರು. ರೆಸಿಸ್ಟರ್‌ಗಳು 3.3 ಮತ್ತು 15 ಕಿಲೋಓಮ್; ತಿರುವುಮುರುವು ಮಾಡಿದವರ ಅಂಕೆ ಸರಿ ಉತ್ತರದ ಅಂಕೆಯ ವೇಷ ಹಾಕಿ ಬರುವಂತಿಲ್ಲ. ಹೆಸರುಗಳ ಬದಲು ಚಿತ್ರದಲ್ಲಿ ಬರೀ ಬೆಲೆಗಳಿದ್ದವು. ಮೊದಲ ಉಪಪ್ರಶ್ನೆ, ಎರಡು ಅಂಕಕ್ಕೆ: ಮೈನಸ್ ಪಿನ್ನಿನ ವೋಲ್ಟೇಜ್ ಎಷ್ಟು, ಏಕೆ? ಗೇನ್ ಕೇಳಿದ್ದು ಅದರ ನಂತರ. ಕೊನೆಯ ಉಪಪ್ರಶ್ನೆಯಲ್ಲಿ ಔಟ್‌ಪುಟ್ ಸ್ಯಾಚುರೇಟ್ ಆದಾಗ ಅದೇ ಪಿನ್ನಿನಲ್ಲಿ ಎಷ್ಟು ಎಂದು ಮತ್ತೆ ಕೇಳಿದ್ದರು. ಮೊದಲನೆಯದಕ್ಕೆ ಹೆಚ್ಚಿನವರು ಸರಿಯಾಗಿ ಬರೆದರು. ಕೊನೆಯದಕ್ಕೆ ಬಹಳ ಮಂದಿ ಪ್ಲಸ್ ಪಿನ್ನಿನ ಬೆಲೆಯನ್ನೇ ಬರೆದಿದ್ದರು. ಅಲ್ಲೂ ವರ್ಚುವಲ್ ಶಾರ್ಟ್ ಇದೆ ಎಂದು ನಂಬಿ. ಆ ಪುಸ್ತಕಗಳಲ್ಲಿ ನಾನು ಔಟ್‌ಪುಟ್‌ನಿಂದ ಹಿಂದಕ್ಕೆ ಒಂದು ಬಾಣ ಎಳೆದು, ಪಕ್ಕದಲ್ಲಿ “ಇಲ್ಲಿಂದ ಭಾಗಿಸಿ ನೋಡು” ಎಂದು ಬರೆದೆ.